ಬ್ಯಾಂಕ್, ವಿಮೆ ನೌಕರರಿಗೆ ರಿಸ್ಕ್ ಸರ್ಟಿಫಿಕೇಟ್: ಯಾವುದು ಮೊದಲು, ಯಾವುದು ಬೇಡ

ಮಂಗಳೂರು, ಉಡುಪಿ ಕಡೆಯ ಬ್ಯಾಂಕ್ ಮತ್ತು ವಿಮೆ ನೌಕರರು ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಾರೆ. ರಿಸ್ಕ್ ವಿಭಾಗಕ್ಕೆ ಹೋಗಬೇಕು ಅಂತ ಮನಸ್ಸು ಮಾಡುತ್ತಾರೆ. ಹುಡುಕಿದಾಗ ಹೆಸರಿನಲ್ಲೇ ರಿಸ್ಕ್ ಅಂತ ಇರುವ ಪಿಎಂಐ-ಆರ್‌ಎಂಪಿ ಕಣ್ಣಿಗೆ ಬೀಳುತ್ತದೆ, ಇಲ್ಲವೇ ಪರಿಚಯದ ಐಟಿ ಹುಡುಗರು ಹೇಳಿದ ಪಿಎಂಪಿ. ಹಣ ಕಟ್ಟಿ, ಓದಿ, ಪಾಸೂ ಆಗುತ್ತಾರೆ. ಆಮೇಲೆ ಹೆಡ್ ಆಫೀಸಿನ ಇಂಟರ್ವ್ಯೂನಲ್ಲಿ "ಎಕ್ಸ್‌ಪೆಕ್ಟೆಡ್ ಲಾಸ್ ಲೆಕ್ಕ ಹೇಗೆ ಮಾಡ್ತೀರಿ" ಅಂತ ಕೇಳಿದರೆ ಉತ್ತರ ಇರುವುದಿಲ್ಲ.

ಆ ಸರ್ಟಿಫಿಕೇಟುಗಳಲ್ಲಿ ದೋಷ ಏನಿಲ್ಲ. ಅವು ಬೇರೆ ಕೆಲಸಕ್ಕೆ, ಅಂದರೆ ಪ್ರಾಜೆಕ್ಟ್ ನಡೆಸುವವರಿಗೆ ಮಾಡಿದವು, ಅಷ್ಟೇ. ಯಾವ ಕೆಲಸಕ್ಕೆ ಯಾವುದು, ಯಾವ ಕ್ರಮದಲ್ಲಿ ಮಾಡಬೇಕು, ಎಲ್ಲಿ ಎಡವುತ್ತಾರೆ ಎಂಬುದನ್ನು ಹಂತ ಹಂತವಾಗಿ ನೋಡೋಣ. ಹೆಚ್ಚಿನ ಜಾಗ ಬ್ಯಾಂಕಿನ ಸಾಲ ವಿಭಾಗದವರಿಗೆ ಕೊಟ್ಟಿದ್ದೇನೆ. ತಪ್ಪು ದಾರಿ ಹಿಡಿಯುವವರಲ್ಲಿ ಅವರೇ ಜಾಸ್ತಿ.

## ಹಂತ 1: ನಿಮ್ಮ ಮೇಜಿನ ಮೇಲೆ ಬರುವ ರಿಸ್ಕ್ ಯಾವುದು ಅಂತ ಬರೆದುಕೊಳ್ಳಿ

ಕೋರ್ಸ್ ಹುಡುಕುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಕಳೆದ ಒಂದು ವರ್ಷದಲ್ಲಿ ನೀವು ಸಹಿ ಹಾಕಿದ, ಪರಿಶೀಲಿಸಿದ, ವರದಿ ಮಾಡಿದ ಕೆಲಸಗಳನ್ನು ಬರೆಯಿರಿ. ಹುದ್ದೆಯ ಹೆಸರು ಬೇಡ, ಕೆಲಸ ಬೇಕು. "ಅಸಿಸ್ಟೆಂಟ್ ಮ್ಯಾನೇಜರ್" ಅಂದರೆ ಏನೂ ಗೊತ್ತಾಗುವುದಿಲ್ಲ. "ಸಾಲದ ಪ್ರಸ್ತಾವಗಳಿಗೆ ರೇಟಿಂಗ್ ಶೀಟ್ ತುಂಬಿಸಿದೆ, ಕಂತು ತಡವಾಗಿ ಎಸ್‌ಎಂಎ ಆದ ಖಾತೆಗಳ ಹಿಂದೆ ಬಿದ್ದೆ" ಅಂದರೆ ನೀವು ಕ್ರೆಡಿಟ್ ರಿಸ್ಕ್ ಪಕ್ಕದಲ್ಲೇ ಕೂತಿದ್ದೀರಿ.

ಟ್ರೆಷರಿಯಲ್ಲಿ ಬಾಂಡ್ ಅಥವಾ ಫಾರೆಕ್ಸ್ ನೋಡುವವರಿಗೆ ಮಾರ್ಕೆಟ್ ರಿಸ್ಕ್. ವಂಚನೆ, ಸಿಸ್ಟಂ ಕೈಕೊಡುವುದು, ಆಡಿಟ್ ಆಕ್ಷೇಪ ಇವನ್ನು ನೋಡುವವರಿಗೆ ಆಪರೇಷನಲ್ ರಿಸ್ಕ್. ಪಾಲಿಸಿ ಒಪ್ಪುವುದೋ ಬಿಡುವುದೋ ಅಂತ ತೀರ್ಮಾನಿಸುವವರಿಗೆ ಅಂಡರ್‌ರೈಟಿಂಗ್ ರಿಸ್ಕ್. ಹೊಸ ಸಾಫ್ಟ್‌ವೇರ್ ತರುವುದು, ಡೇಟಾ ಸ್ಥಳಾಂತರ, ಹೊಸ ಕಟ್ಟಡ ಇಂಥ ಶುರು-ಕೊನೆ ಇರುವ ಕೆಲಸ ನಡೆಸುವವರಿಗೆ ಮಾತ್ರ ಪ್ರಾಜೆಕ್ಟ್ ರಿಸ್ಕ್.

ಇಲ್ಲಿ ಒಂದು ಎಡವಟ್ಟು ಆಗುತ್ತದೆ. ಬ್ಯಾಂಕಿನಲ್ಲಿ ಪ್ರಾಜೆಕ್ಟ್ ಫೈನಾನ್ಸ್ ನೋಡುವವರು ತಮಗೆ ಪಿಎಂಪಿ ಬೇಕು ಅಂದುಕೊಳ್ಳುತ್ತಾರೆ. ಆ ಪ್ರಾಜೆಕ್ಟ್ ನಡೆಸುವವನು ಸಾಲಗಾರ. ನೀವು ನೋಡುವುದು ಅವನು ಹಣ ತೀರಿಸುತ್ತಾನೋ ಇಲ್ಲವೋ ಎಂಬುದನ್ನು. ಅದು ಕ್ರೆಡಿಟ್ ಕೆಲಸ.

## ಹಂತ 2: ಒಂದು ದೋಣಿ ಸಾಲದ ಲೆಕ್ಕ ಮಾಡಿ ನೋಡಿ

ಪ್ರಾಜೆಕ್ಟಿನದು, ಬ್ಯಾಂಕಿನದು ಈ ಎರಡು ಬಗೆಯ ರಿಸ್ಕ್ ಸರ್ಟಿಫಿಕೇಟುಗಳ ವ್ಯತ್ಯಾಸವನ್ನು ಸಿಲಬಸ್ ಓದಿ ತಿಳಿಯುವುದು ಕಷ್ಟ. ಎರಡರಲ್ಲೂ "ಗುರುತಿಸು, ಅಳೆ, ನಿಯಂತ್ರಿಸು" ಅಂತಲೇ ಇರುತ್ತದೆ. ಲೆಕ್ಕ ಮಾಡಿದರೆ ಬೇಗ ಗೊತ್ತಾಗುತ್ತದೆ. ಕೆಳಗಿನ ಅಂಕಿಗಳು ಉದಾಹರಣೆಗೆ ಅಂತ ಇಟ್ಟುಕೊಂಡವು.

ಮೊದಲು ಪ್ರಾಜೆಕ್ಟ್ ಲೆಕ್ಕ. ಬ್ಯಾಂಕ್ ಹೊಸ ಸಾಫ್ಟ್‌ವೇರಿಗೆ ಡೇಟಾ ಸ್ಥಳಾಂತರ ಮಾಡುತ್ತಿದೆ. ಕೆಲಸ ತಡವಾಗುವ ಸಾಧ್ಯತೆ 30%, ತಡವಾದರೆ 20 ಲಕ್ಷ ರೂಪಾಯಿ ಹೆಚ್ಚು ಖರ್ಚು. ಎರಡನ್ನೂ ಗುಣಿಸಿದರೆ 6 ಲಕ್ಷ. ಅಷ್ಟನ್ನು ಬಜೆಟ್ಟಿನಲ್ಲಿ ಮೀಸಲು ಇಡುತ್ತಾರೆ. ಡೇಟಾ ಸರಿಯಾಗಿ ಬಂದ ದಿನ ರಿಸ್ಕ್ ರಿಜಿಸ್ಟರಿನಲ್ಲಿ ಆ ಸಾಲಿನ ಮುಂದೆ "ಮುಗಿಯಿತು" ಅಂತ ಬರೆದರೆ ಆಯಿತು.

ಈಗ ಮಲ್ಪೆಯ ಒಂದು ಟ್ರಾಲ್ ದೋಣಿಗೆ ಕೊಟ್ಟ 60 ಲಕ್ಷದ ಸಾಲ ತೆಗೆದುಕೊಳ್ಳಿ. ಸಾಲಗಾರ ಒಂದು ವರ್ಷದಲ್ಲಿ ಕೈಚೆಲ್ಲುವ ಸಾಧ್ಯತೆ 4%. ಕೈಚೆಲ್ಲಿದರೆ, ದೋಣಿ ಮತ್ತು ಅಡವು ಮಾರಿದ ಮೇಲೂ ರೂಪಾಯಿಗೆ 45 ಪೈಸೆ ಹೋಗುತ್ತದೆ. ಸಾಲದ ಮೊತ್ತಕ್ಕೆ EAD, ಕೈಚೆಲ್ಲುವ ಸಾಧ್ಯತೆಗೆ PD, ಹೋಗುವ ಪಾಲಿಗೆ LGD ಅನ್ನುತ್ತಾರೆ. ಮೂರನ್ನೂ ಗುಣಿಸಿದರೆ EL, ಅಂದರೆ ಎಕ್ಸ್‌ಪೆಕ್ಟೆಡ್ ಲಾಸ್.

```
EL = EAD × PD × LGD
   = 60,00,000 × 0.04 × 0.45
   = 1,08,000
```

ಇಲ್ಲಿಯವರೆಗೆ ಇದೂ ಗುಣಾಕಾರವೇ. ಪ್ರಾಜೆಕ್ಟ್ ಕಲಿತವರು "ಅದೇ ತಾನೇ?" ಅಂತ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಬ್ಯಾಂಕಿನ ರಿಸ್ಕ್ ಕೆಲಸ ಶುರುವಾಗುವುದೇ ಇಲ್ಲಿಂದ ಮುಂದೆ. ಈ 1.08 ಲಕ್ಷ ಬರಬಹುದೆಂದು ಮೊದಲೇ ಗೊತ್ತಿರುವ ನಷ್ಟ. ಅದನ್ನು ಬಡ್ಡಿದರದಲ್ಲಿ ಸೇರಿಸಿಕೊಳ್ಳಬಹುದು. ಎಣಿಸದೆ ಬರುವ ನಷ್ಟಕ್ಕೆ ಬ್ಯಾಂಕ್ ತನ್ನ ಸ್ವಂತ ಬಂಡವಾಳ ಇಡಬೇಕು, ಮತ್ತು ಎಷ್ಟು ಇಡಬೇಕು ಅಂತ ಹೇಳುವುದು ರಿಸರ್ವ್ ಬ್ಯಾಂಕ್. ಈ ಸಾಲ ರೆಗ್ಯುಲೇಟರಿ ರೀಟೇಲ್ ವರ್ಗಕ್ಕೆ ಸೇರಿದರೆ ರಿಸ್ಕ್ ವೇಟ್ 75%. ಅಂದರೆ 60 ಲಕ್ಷದ ಸಾಲ ಲೆಕ್ಕದಲ್ಲಿ 45 ಲಕ್ಷ. ಅದರ ಮೇಲೆ ಕನಿಷ್ಠ 9% ಬಂಡವಾಳ, ಜೊತೆಗೆ 2.5% ಕನ್ಸರ್ವೇಷನ್ ಬಫರ್, ಒಟ್ಟು 11.5%. ಅದು 5,17,500 ರೂಪಾಯಿ. ಸಾಲ ಪುಸ್ತಕದಲ್ಲಿ ಇರುವವರೆಗೂ ಈ ಬಂಡವಾಳ ಕಟ್ಟಿಹಾಕಿದಂತೆಯೇ.

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಇಂಥದೇ 100 ದೋಣಿ ಸಾಲ ಇವೆ. ಸರಾಸರಿ 4 ಕೆಡುತ್ತವೆ. ಒಂದಕ್ಕೊಂದು ಸಂಬಂಧ ಇಲ್ಲದಿದ್ದರೆ ಸ್ಟ್ಯಾಂಡರ್ಡ್ ಡೀವಿಯೇಷನ್ ಸುಮಾರು 2, ಹಾಗಾಗಿ 8ಕ್ಕಿಂತ ಜಾಸ್ತಿ ಕೆಡುವುದು ಅಪರೂಪ ಅಂತ ಗಣಿತ ಹೇಳುತ್ತದೆ. ಆದರೆ ಈ ನೂರೂ ದೋಣಿ ಒಂದೇ ಬಂದರಿನಿಂದ, ಒಂದೇ ಸಮುದ್ರಕ್ಕೆ, ಒಂದೇ ದರದ ಡೀಸೆಲ್ ಹಾಕಿ ಹೋಗುತ್ತವೆ. ಬಂಗುಡೆ, ಬೂತಾಯಿ ಕೈಕೊಟ್ಟ ವರ್ಷ ಎಲ್ಲರಿಗೂ ಒಟ್ಟಿಗೆ ಹೊಡೆತ. ಆಗ 15, 20 ಖಾತೆ ಒಂದೇ ಸಲ ಕೆಡಬಹುದು. ಇದಕ್ಕೆ ಕೋರಿಲೇಷನ್ ಅನ್ನುತ್ತಾರೆ. ಹಣಕಾಸು ರಿಸ್ಕಿನ ಸರ್ಟಿಫಿಕೇಟ್ ಆದ ಎಫ್‌ಆರ್‌ಎಂನಲ್ಲಿ ಕ್ರೆಡಿಟ್ ರಿಸ್ಕ್ ಭಾಗ ಬಹುಮಟ್ಟಿಗೆ ನಿಂತಿರುವುದು ಇದರ ಮೇಲೆ. ಪಿಎಂಐ-ಆರ್‌ಎಂಪಿಯಲ್ಲಿ ಸಾಲದ ಪೋರ್ಟ್‌ಫೋಲಿಯೋ ಬರುವುದೇ ಇಲ್ಲ, ಬಂಡವಾಳದ ನಿಯಮವೂ ಬರುವುದಿಲ್ಲ.

ನಮ್ಮ ಕರಾವಳಿಗೇ ಸೇರಿದ ಇನ್ನೊಂದು ಸೂಕ್ಷ್ಮ ಉಂಟು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ 61 ದಿನ ದೋಣಿಗೆ ಆದಾಯ ಇಲ್ಲ. ಆದರೂ ಕೆಲವು ಸಾಲಗಳ ಕಂತು ಪ್ರತಿ ತಿಂಗಳೂ ಬೀಳುವಂತೆ ಇಟ್ಟಿರುತ್ತಾರೆ. ಜೂನ್ ಕಂತು ತಪ್ಪುತ್ತದೆ, ಜುಲೈ ಮಧ್ಯಕ್ಕೆ ಖಾತೆ 30 ದಿನ ದಾಟಿ ಎಸ್‌ಎಂಎ-1 ಆಗುತ್ತದೆ. ದೋಣಿ ಮತ್ತೆ ಕಡಲಿಗಿಳಿದು ಹಣ ಬಂದ ಮೇಲೆ ಸರಿಹೋಗುತ್ತದೆ. ರೇಟಿಂಗ್ ಮಾಡೆಲ್ ಮಾತ್ರ ಪ್ರತಿ ವರ್ಷ ಇವರನ್ನೆಲ್ಲ ಸಂಕಟದಲ್ಲಿರುವ ಸಾಲಗಾರರು ಅಂತ ಎಣಿಸುತ್ತದೆ. ಕಂತಿನ ವೇಳಾಪಟ್ಟಿ ತಪ್ಪಾ, ಸಾಲಗಾರ ಕೆಟ್ಟವನಾ ಅಂತ ಬೇರ್ಪಡಿಸಿ ತೋರಿಸುವವರೇ ರಿಸ್ಕ್ ವಿಭಾಗಕ್ಕೆ ಬೇಕಾದವರು. ಶಾಖೆಯಲ್ಲಿ ದುಡಿದವರಿಗೆ ಇದು ಗೊತ್ತಿರುತ್ತದೆ. ಅದನ್ನು ಹೇಳುವ ಭಾಷೆ ಬೇಕು, ಅದಕ್ಕೇ ಸರ್ಟಿಫಿಕೇಟ್.

ಈ ಲೆಕ್ಕ ಓದುವಾಗ ನಿಮಗೆ "ಇದು ನನ್ನ ಕೆಲಸ" ಅನಿಸಿದರೆ ಮುಂದಿನ ಹಂತಕ್ಕೆ ಬನ್ನಿ. ಡೇಟಾ ಸ್ಥಳಾಂತರದ ಲೆಕ್ಕವೇ ಹತ್ತಿರ ಅನಿಸಿದರೆ ಹಂತ 7ಕ್ಕೆ ಹೋಗಿ.

## ಹಂತ 3: ಮೊದಲು ಬ್ಯಾಂಕಿನ ಸುತ್ತೋಲೆ, ಆಮೇಲೆ ಕೋರ್ಸ್

ರಿಸರ್ವ್ ಬ್ಯಾಂಕ್ 2016ರ ಆಗಸ್ಟ್‌ನಲ್ಲಿ ಒಂದು ಸುತ್ತೋಲೆ ಹೊರಡಿಸಿತು. ಟ್ರೆಷರಿ, ರಿಸ್ಕ್ ಮ್ಯಾನೇಜ್‌ಮೆಂಟ್, ಅಕೌಂಟಿಂಗ್ ಮತ್ತು ಕ್ರೆಡಿಟ್ ಮ್ಯಾನೇಜ್‌ಮೆಂಟ್ ವಿಭಾಗಗಳಲ್ಲಿ ಕೆಲಸ ಮಾಡುವವರಿಗೆ ತಕ್ಕ ಸರ್ಟಿಫಿಕೇಟ್ ಇರಬೇಕು ಎಂಬುದು ಅದರ ಸಾರ. ಇದನ್ನು ಹಿಡಿದು ಪ್ರತಿ ಬ್ಯಾಂಕೂ ತಾನು ಒಪ್ಪುವ ಕೋರ್ಸುಗಳ ಪಟ್ಟಿ ಮಾಡಿಕೊಂಡಿರುತ್ತದೆ. ಎಚ್‌ಆರ್ ಪೋರ್ಟಲಿನಲ್ಲಿ "ಕೆಪಾಸಿಟಿ ಬಿಲ್ಡಿಂಗ್" ಅಂತ ಹುಡುಕಿದರೆ ಸಾಮಾನ್ಯವಾಗಿ ಸಿಗುತ್ತದೆ. ಸಿಗದಿದ್ದರೆ ಟ್ರೈನಿಂಗ್ ವಿಭಾಗಕ್ಕೆ ಮೇಲ್ ಹಾಕಿ.

ಆ ಪಟ್ಟಿಯಲ್ಲಿ ಮೂರು ವಿಷಯ ನೋಡಿ. ನಿಮ್ಮ ಕೋರ್ಸ್ ಇದೆಯಾ, ಫೀ ವಾಪಸ್ ಕೊಡುತ್ತಾರಾ, ಕೊಡುವುದಾದರೆ ನೋಂದಣಿಗೆ ಮೊದಲೇ ಅನುಮತಿ ಬೇಕಾ. ಮೂರನೆಯದರಲ್ಲೇ ಜನ ಹಣ ಕಳೆದುಕೊಳ್ಳುವುದು. ಪಾಸಾದ ಮೇಲೆ ಬಿಲ್ ಹಿಡಿದುಕೊಂಡು ಹೋದರೆ "ಮೊದಲೇ ಕೇಳಬೇಕಿತ್ತು ಮಾರಾಯ್ರೆ" ಅನ್ನುತ್ತಾರೆ. ಅನುಮತಿಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಬಾಯಿಮಾತಿಗೆ ವರ್ಗಾವಣೆ ಆದ ಮೇಲೆ ಬೆಲೆ ಇಲ್ಲ.

## ಹಂತ 4: ಬ್ಯಾಂಕಿನವರ ಸರಿಯಾದ ಕ್ರಮ

ಜೆಎಐಐಬಿ ಆಗದೆ ಮುಂದಿನದಕ್ಕೆ ಕೈಹಾಕಬೇಡಿ. ಐಐಬಿಎಫ್ ನಡೆಸುವ ಈ ಪರೀಕ್ಷೆಯಲ್ಲಿ ನಾಲ್ಕು ಪೇಪರ್. ರಿಸ್ಕ್ ಬಗ್ಗೆ ಆಳವಾಗಿ ಏನೂ ಇಲ್ಲ, ನಿಜ. ಆದರೆ ಇದಾಗದೆ ಸಿಎಐಐಬಿಗೆ ಕೂರುವ ಹಾಗಿಲ್ಲ. ಎರಡಕ್ಕೂ ಇನ್‌ಕ್ರಿಮೆಂಟ್ ಇರುವುದರಿಂದ ಓದಿದ್ದಕ್ಕೆ ಸಂಬಳದಲ್ಲೂ ಫಲ ಕಾಣುತ್ತದೆ.

ಸಿಎಐಐಬಿಯಲ್ಲಿ ನಾಲ್ಕು ಕಡ್ಡಾಯ ಪೇಪರ್, ಒಂದು ಐಚ್ಛಿಕ. ಕಡ್ಡಾಯ ಪೇಪರುಗಳಲ್ಲಿ ಬ್ಯಾಂಕ್ ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್ ಎಂಬುದನ್ನು ಗಂಭೀರವಾಗಿ ಓದಿ. ರಿಸ್ಕ್, ಟ್ರೆಷರಿ, ಬ್ಯಾಲೆನ್ಸ್ ಶೀಟ್ ನಿರ್ವಹಣೆ ಎಲ್ಲ ಅದರಲ್ಲಿವೆ. ಐಚ್ಛಿಕದಲ್ಲಿ ರೂರಲ್ ಬ್ಯಾಂಕಿಂಗ್, ಎಚ್‌ಆರ್, ಐಟಿ ಮತ್ತು ಡಿಜಿಟಲ್ ಬ್ಯಾಂಕಿಂಗ್, ರಿಸ್ಕ್ ಮ್ಯಾನೇಜ್‌ಮೆಂಟ್, ಸೆಂಟ್ರಲ್ ಬ್ಯಾಂಕಿಂಗ್ ಅಂತ ಆಯ್ಕೆ ಇದೆ. ಹೆಚ್ಚಿನವರು ಸುಲಭ ಅಂತ ರೂರಲ್ ಅಥವಾ ಎಚ್‌ಆರ್ ತೆಗೆದುಕೊಳ್ಳುತ್ತಾರೆ. ರಿಸ್ಕ್ ವಿಭಾಗ ಬೇಕು ಅನ್ನುವವರು ಹೀಗೆ ಮಾಡಿದರೆ ಆಮೇಲೆ ಅದೇ ವಿಷಯಕ್ಕೆ ಬೇರೆ ಪರೀಕ್ಷೆ ಬರೆಯಬೇಕಾಗುತ್ತದೆ. ರಿಸ್ಕ್ ಐಚ್ಛಿಕವನ್ನೇ ತೆಗೆದುಕೊಳ್ಳಿ, ಅದರ ಓದು ಎಫ್‌ಆರ್‌ಎಂಗೂ ಒದಗುತ್ತದೆ.

ಇದಾದ ಮೇಲೆ ಐಐಬಿಎಫ್‌ನ ರಿಸ್ಕ್ ಇನ್ ಫೈನಾನ್ಷಿಯಲ್ ಸರ್ವಿಸಸ್ ಸರ್ಟಿಫಿಕೇಟ್. ರಿಸರ್ವ್ ಬ್ಯಾಂಕಿನ ಮೇಲಿನ ಸುತ್ತೋಲೆಗೆ ಹೊಂದುವ ಕೋರ್ಸ್ ಇದು. ಸಾಲ ಮಂಜೂರಾತಿಯಲ್ಲೇ ಇರುತ್ತೇನೆ, ರಿಸ್ಕ್ ವಿಭಾಗ ಬೇಡ ಅನ್ನುವವರಿಗೆ ಇದರ ಬದಲು ಸರ್ಟಿಫೈಡ್ ಕ್ರೆಡಿಟ್ ಪ್ರೊಫೆಷನಲ್ ಸಾಕು.

ಇಷ್ಟಾದ ಮೇಲೆ ಎಫ್‌ಆರ್‌ಎಂ. ಗಾರ್ಪ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ಕೊಡುವ ಇದು ಬ್ಯಾಂಕ್ ಬದಲಾಯಿಸಿದರೂ ಜೊತೆಗೆ ಬರುತ್ತದೆ. ಆದರೆ ದುಬಾರಿ. ಇತ್ತೀಚಿನ ದರದಲ್ಲಿ ಒಮ್ಮೆ ಕಟ್ಟುವ ನೋಂದಣಿ 400 ಡಾಲರ್. ಪರೀಕ್ಷೆಯಲ್ಲಿ ಎರಡು ಪಾರ್ಟ್, ಬೇಗ ಕಟ್ಟಿದರೆ ಒಂದೊಂದಕ್ಕೂ 600, ತಡವಾದರೆ 800. ಎಲ್ಲ ಬೇಗ ಕಟ್ಟಿ, ಒಂದೇ ಸಲಕ್ಕೆ ಪಾಸಾದರೂ 1600 ಡಾಲರ್. ಸುಲಭವಾಗಿ ಒಂದೂಕಾಲು ಲಕ್ಷ ರೂಪಾಯಿ ದಾಟುತ್ತದೆ. ಐಐಬಿಎಫ್ ಪರೀಕ್ಷೆಗಳ ಫೀ ಇದರ ಎದುರು ಚಿಲ್ಲರೆ. ಅದಕ್ಕೇ ಈ ಕ್ರಮ. ಕಡಿಮೆ ಖರ್ಚಿನಲ್ಲಿ ವಿಷಯದ ರುಚಿ ನೋಡಿ, ಹಿಡಿಸಿದರೆ ದೊಡ್ಡದಕ್ಕೆ ಹೋಗಿ.

ಈ ಕ್ರಮಕ್ಕೆ ಇನ್ನೊಂದು ಕಾರಣವೂ ಇದೆ. 2025ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಎಕ್ಸ್‌ಪೆಕ್ಟೆಡ್ ಕ್ರೆಡಿಟ್ ಲಾಸ್ ಪದ್ಧತಿಯ ಕರಡು ನಿಯಮ ಹೊರಡಿಸಿತು. 2027ರ ಏಪ್ರಿಲ್ 1ರಿಂದ ತರುವುದು ಅದರಲ್ಲಿದ್ದ ಪ್ರಸ್ತಾವ. ಈಗ ಖಾತೆ ಕೆಟ್ಟ ಮೇಲೆ ಹೆಚ್ಚಿನ ಪ್ರಾವಿಷನ್ ಮಾಡುತ್ತೇವೆ. ಆ ಪದ್ಧತಿಯಲ್ಲಿ ಕೆಡುವ ಸಾಧ್ಯತೆ ನೋಡಿ ಮೊದಲೇ ಮಾಡಬೇಕು. ಅಂದರೆ ಮೇಲೆ ಮಾಡಿದ ದೋಣಿ ಲೆಕ್ಕ ಶಾಖೆಯ ಮಟ್ಟದವರಿಗೂ ಅರ್ಥವಾಗಬೇಕಾಗುತ್ತದೆ.

## ಹಂತ 5: ಎಫ್‌ಆರ್‌ಎಂಗೆ ಕೂರುವುದು ಹೇಗೆ, ಯಾವಾಗ

ಪಾರ್ಟ್ ಒಂದರಲ್ಲಿ 100 ಪ್ರಶ್ನೆ, ಪಾರ್ಟ್ ಎರಡರಲ್ಲಿ 80. ಎರಡಕ್ಕೂ ನಾಲ್ಕು ನಾಲ್ಕು ಗಂಟೆ. ಪರೀಕ್ಷೆ ಮೇ, ಆಗಸ್ಟ್, ನವೆಂಬರ್‌ನಲ್ಲಿ ಬರುತ್ತದೆ. ಕೆಲಸದಲ್ಲಿರುವವರಿಗೆ ಒಂದೊಂದು ಪಾರ್ಟಿಗೂ 200ರಿಂದ 250 ಗಂಟೆ ಓದು ಬೇಕು. ವಾರಕ್ಕೆ 10 ಗಂಟೆ ಸಿಕ್ಕಿದರೆ ಅದು ಐದಾರು ತಿಂಗಳು.

ಬ್ಯಾಂಕಿನವರಿಗೆ ನನ್ನ ಸಲಹೆ ನವೆಂಬರ್. ಮೇ ಪರೀಕ್ಷೆ ಅಂದರೆ ಓದಿನ ಮುಖ್ಯ ತಿಂಗಳುಗಳು ಮಾರ್ಚ್ ಕ್ಲೋಸಿಂಗ್‌ಗೆ, ಆಮೇಲಿನ ಆಡಿಟ್‌ಗೆ ಹೋಗುತ್ತವೆ. ಆಗಸ್ಟ್ ಅಂದರೆ ಶುರುವಿನಲ್ಲೇ ಮಾರ್ಚ್ ಅಡ್ಡ ಬರುತ್ತದೆ. ಪರೀಕ್ಷೆಗೆ ಬೆಂಗಳೂರಿಗೆ ಹೋಗಬೇಕಾದರೆ ಮಳೆಗಾಲದ ಶಿರಾಡಿ ಘಾಟಿಯನ್ನು ನಂಬುವ ಹಾಗಿಲ್ಲ. ಗುಡ್ಡ ಕುಸಿದರೆ ರಸ್ತೆ ಬಂದ್, ಕೆಲವೊಮ್ಮೆ ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ ರೈಲೂ ಬಂದ್. ಮೇಯಲ್ಲಿ ಓದು ಶುರು ಮಾಡಿ ನವೆಂಬರ್‌ಗೆ ಕೂತರೆ ಜೂನ್, ಸೆಪ್ಟೆಂಬರ್ ಕ್ವಾರ್ಟರ್ ಕೊನೆಯ ಕೆಲವು ದಿನ ಮಾತ್ರ ಹೋಗುತ್ತವೆ. ನವರಾತ್ರಿಯನ್ನು ಸ್ವಲ್ಪ ಬಿಗಿ ಹಿಡಿಯಬೇಕು, ಅಷ್ಟೇ.

ಓದುವ ಕ್ರಮವೂ ಮುಖ್ಯ. ಪಾರ್ಟ್ ಒಂದರಲ್ಲಿ ನಾಲ್ಕು ವಿಷಯ. ರಿಸ್ಕ್‌ನ ಮೂಲಪಾಠಕ್ಕೆ 20%, ಕ್ವಾಂಟಿಟೇಟಿವ್ ಅನಾಲಿಸಿಸ್‌ಗೆ 20%, ಮಾರುಕಟ್ಟೆ ಮತ್ತು ಉತ್ಪನ್ನಗಳಿಗೆ 30%, ವ್ಯಾಲ್ಯುಯೇಷನ್ ಮತ್ತು ರಿಸ್ಕ್ ಮಾಡೆಲ್‌ಗೆ 30%. ಬಿಕಾಂ ಓದಿದ ಬ್ಯಾಂಕಿನವರು ಮೂಲಪಾಠವನ್ನು ಹಾಯಾಗಿ ಓದುತ್ತಾ ಕೂರುತ್ತಾರೆ, ಕ್ವಾಂಟ್ ಅನ್ನು ಕೊನೆಗೆ ದೂಡುತ್ತಾರೆ. ಆಮೇಲೆ ವ್ಯಾಲ್ಯುಯೇಷನ್ ಅರ್ಥವಾಗುವುದಿಲ್ಲ, ಯಾಕೆಂದರೆ ಅದು ನಿಂತಿರುವುದೇ ಕ್ವಾಂಟ್ ಮೇಲೆ. ಕ್ವಾಂಟ್ ಮೊದಲು ಮುಗಿಸಿ. ಮೂಲಪಾಠ ಕೊನೆಗೆ ಇರಲಿ, ಅದು ನಿಮಗೆ ಅರ್ಧ ಗೊತ್ತಿರುವುದೇ.

ಕ್ಯಾಲ್ಕುಲೇಟರ್ ಬಗ್ಗೆ ಒಂದು ಮಾತು. ಗಾರ್ಪ್ ಒಪ್ಪುವ ಕೆಲವು ಮಾದರಿಗಳನ್ನಷ್ಟೇ ಒಳಗೆ ಬಿಡುತ್ತಾರೆ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ BA II Plus ಹೆಚ್ಚಿನವರ ಆಯ್ಕೆ. ಆಫೀಸಿನ ಹನ್ನೆರಡು ಅಂಕಿಯ ಕ್ಯಾಲ್ಕುಲೇಟರ್ ನಡೆಯುವುದಿಲ್ಲ. ಹೊಸದು ತಂದ ದಿನವೇ ಒಂದು ಪರೀಕ್ಷೆ ಮಾಡಿ. `2 + 3 × 4 =` ಒತ್ತಿ. 20 ಅಂತ ಬಂದರೆ ಅದು `Chn` ಮೋಡ್‌ನಲ್ಲಿದೆ, ಅಂದರೆ ಒತ್ತಿದ ಸಾಲಿನಲ್ಲೇ ಲೆಕ್ಕ ಮಾಡುತ್ತಿದೆ. ಗುಣಾಕಾರ ಮೊದಲು ಆಗಿ 14 ಬರಬೇಕು. ಸರಿಮಾಡುವುದು ಹೀಗೆ:

```
2ND  FORMAT
9  ENTER        (DEC=9)
↓ ↓ ↓ ↓         (Chn)
2ND  SET        (AOS)
2ND  QUIT
```

ದಶಮಾಂಶವೂ ಎರಡೇ ಅಂಕಿಗೆ ನಿಂತಿರುತ್ತದೆ, ಅದಕ್ಕೇ ಮೇಲೆ 9 ಒತ್ತಿದ್ದು. ಸಣ್ಣ ಸಾಧ್ಯತೆಗಳ ಲೆಕ್ಕದಲ್ಲಿ 0.0042 ಎಂಬುದು ಪರದೆಯಲ್ಲಿ ಸೊನ್ನೆ ಅಂತ ಕಂಡರೆ ಉತ್ತರ ಕೈತಪ್ಪುತ್ತದೆ.

ಎರಡೂ ಪಾರ್ಟನ್ನು ಒಂದೇ ಸಲ ಬರೆಯುವ ಆಸೆ ಬೇಡ. ಗಾರ್ಪ್ ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ಪಾರ್ಟ್ ಒಂದು ಫೇಲ್ ಆದರೆ ಪಾರ್ಟ್ ಎರಡನ್ನು ತಿದ್ದುವುದೇ ಇಲ್ಲ. ಪಾರ್ಟ್ ಒಂದಕ್ಕೆ ಕೂರುವವರಲ್ಲಿ ಸುಮಾರು ಅರ್ಧ ಜನ ಪಾಸಾಗುವುದಿಲ್ಲ ಎಂಬುದು ನೆನಪಿರಲಿ. ಒಂದಾದ ಮೇಲೆ ಎರಡನೆಯದಕ್ಕೆ ನಾಲ್ಕು ವರ್ಷ ಸಮಯ ಇದೆ. ಅವಸರ ಏಕೆ?

ನೋಂದಣಿಯಲ್ಲಿ ಹೆಸರು ಬರೆಯುವಾಗ ಪಾಸ್‌ಪೋರ್ಟ್ ಎದುರಿಗೆ ಇಟ್ಟುಕೊಳ್ಳಿ. ನಮ್ಮವರಿಗೆ ಇನಿಷಿಯಲ್‌ನ ಸಮಸ್ಯೆ ಇದ್ದದ್ದೇ. ಬ್ಯಾಂಕಿನ ದಾಖಲೆಯಲ್ಲಿ "ಯು." ಅಂತ ಇರುವುದು ಪಾಸ್‌ಪೋರ್ಟಿನಲ್ಲಿ "ಉಪ್ಪೂರು" ಅಂತ ಇರುತ್ತದೆ, ಇಲ್ಲವೇ ಅಪ್ಪನ ಹೆಸರು ಕೊನೆಗೆ ಸೇರಿರುತ್ತದೆ. ಅಕ್ಷರಕ್ಷರ ಒಂದೇ ಇಲ್ಲದಿದ್ದರೆ ಪರೀಕ್ಷೆಯ ಬಾಗಿಲಲ್ಲಿ ತಕರಾರು. ವ್ಯತ್ಯಾಸ ಇದ್ದರೆ ತಿಂಗಳು ಮೊದಲೇ ಸರಿಪಡಿಸಿ.

ಎರಡೂ ಪಾಸಾದರೂ ಹೆಸರಿನ ಮುಂದೆ ಎಫ್‌ಆರ್‌ಎಂ ಹಾಕಿಕೊಳ್ಳುವಂತಿಲ್ಲ. ಎರಡು ವರ್ಷದ ಪೂರ್ಣಾವಧಿ ಅನುಭವ ತೋರಿಸಬೇಕು. ಇಲ್ಲಿ ಹಂತ 1ರ ಹಾಳೆ ಉಪಯೋಗಕ್ಕೆ ಬರುತ್ತದೆ. "ಶಾಖೆಯ ಎಲ್ಲ ಕೆಲಸ ನೋಡಿಕೊಂಡೆ" ಅಂತ ಬರೆದರೆ ಅದು ರಿಸ್ಕ್ ಅನುಭವ ಅನಿಸುವುದಿಲ್ಲ. ಇಂತಿಷ್ಟು ಮೊತ್ತದವರೆಗಿನ ಸಾಲಗಳ ರೇಟಿಂಗ್ ಮಾಡಿದೆ, ಒತ್ತಡದ ಖಾತೆಗಳನ್ನು ಗುರುತಿಸಿ ಕಂತು ಮರುಹೊಂದಿಕೆಗೆ ಶಿಫಾರಸು ಮಾಡಿದೆ ಅಂತ ನಾಲ್ಕೈದು ವಾಕ್ಯ ಬರೆಯಿರಿ. ಇಂಟರ್ನ್‌ಶಿಪ್, ಅರೆಕಾಲಿಕ ಕೆಲಸ ಲೆಕ್ಕಕ್ಕೆ ಬರುವುದಿಲ್ಲ.

## ಹಂತ 6: ವಿಮೆಯವರ ದಾರಿ ಬೇರೆ

ಬ್ಯಾಂಕಿನ ಗೆಳೆಯರು ಎಫ್‌ಆರ್‌ಎಂ ಮಾಡುತ್ತಾರೆ ಅಂತ ವಿಮೆಯವರೂ ಅದಕ್ಕೇ ಹೊರಡುವುದುಂಟು. ಕಂಪನಿಯ ಹೂಡಿಕೆ ವಿಭಾಗದಲ್ಲಿದ್ದರೆ ಸರಿ. ಅಂಡರ್‌ರೈಟಿಂಗ್ ಅಥವಾ ಕ್ಲೇಮ್‌ನಲ್ಲಿದ್ದರೆ ಅದರ ಬಹುಪಾಲು ನಿಮ್ಮ ಮೇಜಿಗೆ ಬರುವುದೇ ಇಲ್ಲ.

ಕಾರ್ಕಳದ ಕಡೆಯ ಒಂದು ಗೇರುಬೀಜ ಕಾರ್ಖಾನೆಗೆ 5 ಕೋಟಿಯ ಬೆಂಕಿ ವಿಮೆ ಕೇಳಿದ್ದಾರೆ ಅಂದುಕೊಳ್ಳಿ. ಅಂಡರ್‌ರೈಟರ್ ನೋಡುವುದು ಬಾಯ್ಲರ್ ಎಲ್ಲಿದೆ, ಎಣ್ಣೆ ಅಂಶದ ಗೇರು ಸಿಪ್ಪೆಯನ್ನು ಎಲ್ಲಿ ರಾಶಿ ಹಾಕಿದ್ದಾರೆ, ಗೋದಾಮು ಕಾರ್ಖಾನೆಗೆ ಅಂಟಿಕೊಂಡಿದೆಯಾ ಎಂಬುದನ್ನು. ಗೋದಾಮು ದೂರ ಇದ್ದು, ಅದರಲ್ಲಿ 2 ಕೋಟಿಯ ಮಾಲು ಇದ್ದರೆ, ಒಂದೇ ಬೆಂಕಿಯಲ್ಲಿ ಹೋಗಬಹುದಾದ ಗರಿಷ್ಠ ನಷ್ಟ 3 ಕೋಟಿ. ಅಂಟಿಕೊಂಡಿದ್ದರೆ ಪೂರ್ತಿ 5 ಕೋಟಿ. ಈ ಅಂಕಿ ನೋಡಿ ಎಷ್ಟು ತಾನು ಇಟ್ಟುಕೊಳ್ಳಬೇಕು, ಎಷ್ಟನ್ನು ಮರುವಿಮೆಗೆ ಕೊಡಬೇಕು ಅಂತ ಕಂಪನಿ ತೀರ್ಮಾನಿಸುತ್ತದೆ.

ಪ್ರಾಜೆಕ್ಟ್ ಸರ್ಟಿಫಿಕೇಟುಗಳಲ್ಲಿ ವಿಮೆ ಅಂದರೆ ರಿಸ್ಕನ್ನು ಬೇರೆಯವರಿಗೆ ದಾಟಿಸುವ ಉಪಾಯ, ಒಂದು ಸಾಲಿನಲ್ಲಿ ಮುಗಿಯುತ್ತದೆ. ಹಾಗೆ ದಾಟಿಸಿದ್ದೆಲ್ಲ ಬಂದು ಬೀಳುವುದು ನಿಮ್ಮ ಕಂಪನಿಯ ಮೇಲೆ. ಅದನ್ನು ಹೊರಲು ಐಆರ್‌ಡಿಎಐ ನಿಯಮದಂತೆ ಸಾಲ್ವೆನ್ಸಿ ಅನುಪಾತ ಕನಿಷ್ಠ 1.5 ಇರಬೇಕು. ನೀವು ಕಲಿಯಬೇಕಾದ್ದು ಈ ಕಡೆಯ ಲೆಕ್ಕ.

ಕ್ರಮ ಹೀಗಿರಲಿ. ಮುಂಬೈಯ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾದ ಲೈಸೆನ್ಷಿಯೇಟ್ ಮೊದಲು, ಆಮೇಲೆ ಅಸೋಸಿಯೇಟ್, ಕೊನೆಗೆ ಫೆಲೋಶಿಪ್. ಪೇಪರ್ ಆಯ್ಕೆ ನಿಮ್ಮ ಕೈಯಲ್ಲಿರುವುದರಿಂದ ಅಂಕ ತುಂಬಿಸಲು ಸುಲಭದ್ದನ್ನೇ ಹುಡುಕುವ ಚಾಳಿ ಇದೆ. ರಿಸ್ಕ್ ಕಡೆ ಹೋಗುವವರು ಐಸಿ-85 ಮರುವಿಮೆ ಮತ್ತು ಐಸಿ-86 ರಿಸ್ಕ್ ಮ್ಯಾನೇಜ್‌ಮೆಂಟ್ ಎರಡನ್ನೂ ಬಿಡಬೇಡಿ. ಕಂಪನಿಯ ಒಟ್ಟಾರೆ ರಿಸ್ಕ್ ನೋಡುವ ಹೆಡ್ ಆಫೀಸ್ ಕೆಲಸಕ್ಕೆ ಹೋಗುವವರು ಇದರ ಮೇಲೆ ಲಂಡನ್ನಿನ ಇನ್‌ಸ್ಟಿಟ್ಯೂಟ್ ಆಫ್ ರಿಸ್ಕ್ ಮ್ಯಾನೇಜ್‌ಮೆಂಟ್‌ನ ಪರೀಕ್ಷೆ ಬರೆಯಬಹುದು. ಜೀವವಿಮೆಯಲ್ಲಿ ದರ ನಿಗದಿ, ಮೀಸಲು ಲೆಕ್ಕ ಎಲ್ಲ ಆಕ್ಚುಯರಿಗಳ ಕೈಯಲ್ಲಿದೆ. ಅದು ವರ್ಷಗಟ್ಟಲೆಯ ಬೇರೆಯೇ ಓದು.

## ಹಂತ 7: ಪ್ರಾಜೆಕ್ಟ್ ಸರ್ಟಿಫಿಕೇಟ್ ಯಾರಿಗೆ ಸರಿ

ಬ್ಯಾಂಕಿನ ಐಟಿ ವಿಭಾಗ, ಡಿಜಿಟಲ್ ಬ್ಯಾಂಕಿಂಗ್, ಸಾಫ್ಟ್‌ವೇರ್ ಅಳವಡಿಕೆಯ ತಂಡದಲ್ಲಿದ್ದರೆ ಪಿಎಂಪಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ದೊಡ್ಡ ಅಳವಡಿಕೆಗಳಲ್ಲಿ ರಿಸ್ಕ್ ರಿಜಿಸ್ಟರ್ ಮಾತ್ರ ನೋಡುವ ಕೆಲಸ ಇದ್ದರೆ ಪಿಎಂಐ-ಆರ್‌ಎಂಪಿ.

ಪಿಎಂಪಿಗೆ ಪದವೀಧರರು 36 ತಿಂಗಳು ಪ್ರಾಜೆಕ್ಟ್ ಮುನ್ನಡೆಸಿದ ಅನುಭವ ಮತ್ತು 35 ಗಂಟೆಯ ತರಬೇತಿ ತೋರಿಸಬೇಕು. ಶಾಖೆ ನಡೆಸಿದ್ದನ್ನು ಪ್ರಾಜೆಕ್ಟ್ ಅಂತ ಬರೆದು ಕಳಿಸುವವರಿದ್ದಾರೆ. ಅರ್ಜಿ ಆಡಿಟ್‌ಗೆ ಸಿಕ್ಕಿದರೆ ಅದು ನಿಲ್ಲುವುದಿಲ್ಲ. ಶಾಖೆಯದ್ದು ದಿನನಿತ್ಯದ ಕಾರ್ಯಾಚರಣೆ, ಅದಕ್ಕೆ ಮುಗಿಯುವ ದಿನ ಇಲ್ಲ. ಇನ್ನೊಂದು ಖರ್ಚು ಆಮೇಲೆ ಬರುತ್ತದೆ. ಪಿಎಂಪಿ ಉಳಿಸಿಕೊಳ್ಳಲು ಮೂರು ವರ್ಷಕ್ಕೊಮ್ಮೆ ಹೊಸ ಕಲಿಕೆಗೆ ಸಿಗುವ ಪಿಡಿಯು ಅಂಕ 60 ತೋರಿಸಬೇಕು, ಆರ್‌ಎಂಪಿಗೆ 30, ಜೊತೆಗೆ ನವೀಕರಣದ ಫೀ. ಸಿಎಐಐಬಿಗೆ ಈ ಗೋಳಿಲ್ಲ.

## ದಾರಿ ತಪ್ಪುತ್ತಿದೆ ಅಂತ ತಿಳಿಯುವುದು ಹೇಗೆ

ಕೋಚಿಂಗ್‌ನವರು "ಯಾವ ಕ್ಷೇತ್ರಕ್ಕಾದರೂ ಆಗುತ್ತದೆ" ಅಂದರೆ ಎಚ್ಚರ ಇರಲಿ. ಸಿಲಬಸ್ ತೆರೆದು ಬಾಸೆಲ್, ಬಂಡವಾಳ ಅನುಪಾತ, ಲಿಕ್ವಿಡಿಟಿ ಇವು ಇವೆಯಾ ನೋಡಿ. ಬ್ಯಾಂಕಿನವರಿಗೆ ಅವು ಇಲ್ಲದ ಕೋರ್ಸ್ ಬೇಡ. ವಿಮೆಯವರು ಅದೇ ರೀತಿ ಸಾಲ್ವೆನ್ಸಿ, ಮರುವಿಮೆ, ಮೀಸಲು ಹುಡುಕಲಿ.

ಓದು ಶುರುವಾಗಿ ಎರಡು ತಿಂಗಳಾದ ಮೇಲೆ ಒಂದು ಪರೀಕ್ಷೆ ಮಾಡಿಕೊಳ್ಳಿ. ನಿಮ್ಮದೇ ಶಾಖೆಯ ಒಂದು ಸಾಲದ ಫೈಲ್ ಎದುರಿಗಿಟ್ಟು, ಪುಸ್ತಕ ನೋಡದೆ, ಎಣಿಸಿದ ನಷ್ಟ, ರಿಸ್ಕ್ ವೇಟ್, ಬೇಕಾದ ಬಂಡವಾಳ ಮೂರನ್ನೂ ಬರೆಯಿರಿ. ಅರ್ಧ ಗಂಟೆಯಲ್ಲಿ ಆಗದಿದ್ದರೆ ನೀವು ವಿಡಿಯೋ ನೋಡುತ್ತಿದ್ದೀರಿ, ಲೆಕ್ಕ ಮಾಡುತ್ತಿಲ್ಲ. ಮಾಕ್ ಪರೀಕ್ಷೆಯಲ್ಲಿ ಥಿಯರಿ ಪ್ರಶ್ನೆಗಳಿಗೆ ಸರಿ ಉತ್ತರ ಬಂದು ಲೆಕ್ಕಗಳೆಲ್ಲ ತಪ್ಪಾಗುತ್ತಿದ್ದರೂ ರೋಗ ಇದೇ. ಹಾಗಿದ್ದರೆ ಹೊಸ ಅಧ್ಯಾಯಕ್ಕೆ ಹೋಗಬೇಡಿ. ಎರಡು ವಾರ ಕ್ವಾಂಟ್ ಲೆಕ್ಕಗಳನ್ನಷ್ಟೇ ಕೈಯಲ್ಲಿ ಮಾಡಿ, ಆಮೇಲೆ ಅದೇ ಫೈಲನ್ನು ಮತ್ತೆ ತೆರೆಯಿರಿ. ಆಗಲೂ ಆಗದಿದ್ದರೆ ಬೇಗ ಕಟ್ಟುವ ರಿಯಾಯಿತಿಯ ಆಸೆ ಬಿಟ್ಟು ಮುಂದಿನ ಸಲಕ್ಕೆ ನೋಂದಾಯಿಸಿ. 200 ಡಾಲರ್ ಉಳಿಸಲು ಹೋಗಿ ಮತ್ತೆ ಪೂರ್ತಿ ಫೀ ಕಟ್ಟಿದವರು ನಮ್ಮ ಕಡೆಯೇ ಬೇಕಾದಷ್ಟು ಜನ ಇದ್ದಾರೆ.